ಪುಡಿ ಮಾರುವವನು ಹೇಳಿದ ತಾಯಿಯ ಕಥೆ

ಒಬ್ಬಳು ತಾಯಿ ಮಗನ ಕೋಣೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಬಟ್ಟೆಗಳನ್ನು ಹೆಕ್ಕುತ್ತಿದ್ದಾಳೆ. ಕಿವಿಯಲ್ಲಿ ಫೋನು. ಆ ಕಡೆ ಇರುವುದು ಮದುವೆಯಾಗಿ ಹೋದ ಮಗಳು. ತಾನು ಕೆಲಸ ಬಿಡುತ್ತಿದ್ದೇನೆ ಎಂದು ಮಗಳು ತಿಳಿಸುತ್ತಾಳೆ. ಆಫೀಸು ಮತ್ತು ಮನೆ ಎರಡನ್ನೂ ತೂಗಿಸುವುದು ಅವಳಿಂದಾಗುತ್ತಿಲ್ಲ. ಗಂಡ ಕೈಜೋಡಿಸುವುದಿಲ್ಲವೇ ಎಂದರೆ, ಅವನಿಗೆ ಅದೊಂದೂ ಬರುವುದಿಲ್ಲ, ಯಾರೂ ಕಲಿಸಿಲ್ಲ. ತಾಯಿಯ ಕೈ ನಿಲ್ಲುತ್ತದೆ. ಅವಳು ಸುತ್ತಲೂ ನೋಡುತ್ತಾಳೆ. ತನ್ನ ಮಗನಿಗೂ ಯಾರೂ ಕಲಿಸಿಲ್ಲ. ನಾಳೆ ಇವನೂ ಯಾರದೋ ಮನೆಯ ಮಗಳಿಗೆ ಗಂಡನಾಗುವವನು. ಅವಳು ಬಟ್ಟೆಯ ಬುಟ್ಟಿಯೊಂದಿಗೆ ಮಗನನ್ನು ವಾಷಿಂಗ್ ಮೆಶಿನ್ನಿನ ಬಳಿಗೆ ಕರೆದೊಯ್ಯುತ್ತಾಳೆ. ಗಂಡುಮಕ್ಕಳಿಗೂ ನಾವು ಇದನ್ನು ಕಲಿಸುತ್ತಿದ್ದೇವೆಯೇ ಎಂಬ ಪ್ರಶ್ನೆ ತೆರೆಯ ಮೇಲೆ ಮೂಡುತ್ತದೆ. ಜೊತೆಗೆ ಏರಿಯಲ್ ಎಂಬ ಹೆಸರೂ.

2019ರ ಜನವರಿಯಲ್ಲಿ ಬಂದ ಜಾಹೀರಾತು ಇದು. ತಯಾರಿಸಿದ್ದು ಬಿಬಿಡಿಒ ಇಂಡಿಯಾ ಎಂಬ ಜಾಹೀರಾತು ಸಂಸ್ಥೆ. ನಿರ್ದೇಶಿಸಿದವರು 'ಇಂಗ್ಲಿಷ್ ವಿಂಗ್ಲಿಷ್' ಚಿತ್ರದ ಗೌರಿ ಶಿಂಧೆ. ಹೊರೆ ಹಂಚಿಕೊಳ್ಳಿ ಎಂಬ ಅರ್ಥದ 'ಶೇರ್ ದ ಲೋಡ್' ಮಾಲಿಕೆ 2015ರಲ್ಲಿಯೇ ಶುರುವಾಗಿತ್ತು. 'ಲೋಡ್' ಎಂದರೆ ಮೆಶಿನ್ನಿಗೆ ಒಂದು ಸಲಕ್ಕೆ ಹಾಕುವ ಬಟ್ಟೆಯ ರಾಶಿಯೂ ಹೌದು, ಹೆಗಲ ಹೊರೆಯೂ ಹೌದು. ಮಾತಿನ ಈ ಜಾಣತನವನ್ನು ಮೆಚ್ಚಲೇಬೇಕು.

ಕಥೆ ಬರೆಯುವವರಾದ ನಮಗೆ ಇಂಥವನ್ನು ನೋಡುವಾಗ ಹೊಟ್ಟೆಕಿಚ್ಚು ಸಹಜ. ನಾವು ಹತ್ತು ಪುಟಗಳಲ್ಲಿ ಹೇಳಲು ಒದ್ದಾಡುವುದನ್ನು ಇವರು ಎರಡು ಮೂರು ನಿಮಿಷಗಳಲ್ಲಿ ಹೇಳಿ ಮುಗಿಸುತ್ತಾರೆ. ಕಥೆಗೆ ಬೇಕಾದದ್ದೆಲ್ಲ ಇದರಲ್ಲಿದೆ. ಒಂದು ಕೋಣೆ, ಒಂದು ಫೋನ್ ಕರೆ, ಒಂದು ಅರಿವಿನ ಕ್ಷಣ. ಬುಟ್ಟಿ ಹಿಡಿದ ಕೈ ನಿಂತಾಗ ನಮ್ಮ ಕಣ್ಣೂ ತೇವವಾಗುತ್ತದೆ. ಆಮೇಲೆ ಪೊಟ್ಟಣ ಕಾಣಿಸಿಕೊಂಡಾಗ ಏನೋ ಕಸಿವಿಸಿ. ಅತ್ತದ್ದು ತಾಯಿಗಾಗಿಯೋ ಸಾಬೂನಿನ ಪುಡಿಗಾಗಿಯೋ?

ಈ ಕಸಿವಿಸಿಯನ್ನು ಎರಡು ಬಗೆಯಲ್ಲಿ ತಳ್ಳಿಹಾಕುವವರಿದ್ದಾರೆ. "ಎಲ್ಲ ವ್ಯಾಪಾರದ ಆಟ, ಇದರಲ್ಲಿ ನೀತಿ ಎಲ್ಲಿಂದ ಬಂತು?" ಎನ್ನುವವರು ಕೆಲವರು. "ಯಾರು ಹೇಳಿದರೇನು, ಹೇಳಿದ್ದು ಒಳ್ಳೆಯದಲ್ಲವೇ?" ಎನ್ನುವವರು ಇನ್ನು ಕೆಲವರು. ಎರಡೂ ಉತ್ತರಗಳು ನಮಗೆ ಸಾಲದಾಗಿವೆ.

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯಲ್ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಆ ಅಂಗಡಿಯವನು ಎಲ್ಲರಿಗೂ ಒಂದೇ ಬೆಲೆ ಇಟ್ಟಿದ್ದಾನೆ. ಲೆಕ್ಕ ತಿಳಿಯದ ಚಿಕ್ಕ ಮಗು ಬಂದರೂ ಅದೇ ಬೆಲೆಗೆ ಕೊಡುತ್ತಾನೆ. ನೋಡುವವರಿಗೆ ಅವನು ಪ್ರಾಮಾಣಿಕ. ಆದರೆ ಹಾಗೆ ಮಾಡುವುದು ಪ್ರಾಮಾಣಿಕತೆಯ ಮೇಲಿನ ನಿಷ್ಠೆಯಿಂದಲೋ, ಮಗುವಿಗೆ ಮೋಸ ಮಾಡಿದ ಸುದ್ದಿ ಹರಡಿದರೆ ಗಿರಾಕಿಗಳು ತಪ್ಪಿಹೋಗುತ್ತಾರೆ ಎಂಬ ಲೆಕ್ಕದಿಂದಲೋ? ಲಾಭದ ಲೆಕ್ಕದಿಂದಾದರೆ ಅವನ ಕೆಲಸ ಕರ್ತವ್ಯಕ್ಕೆ ಹೊಂದಿಕೆಯಾಗಿದೆಯೇ ಹೊರತು ಕರ್ತವ್ಯದಿಂದ ಹುಟ್ಟಿದ್ದಲ್ಲ ಎಂದು ಕಾಂಟ್ ವಾದಿಸುತ್ತಾನೆ. ಕರ್ಮಗಳು ಉದ್ದೇಶಗಳನ್ನು ಅವಲಂಬಿಸಿವೆ ಎಂಬ ಹದೀಸನ್ನು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಈ ಮಾತು ಹೊಸದೇನಲ್ಲ.

ಆದರೆ ಆ ಉದಾಹರಣೆಯನ್ನು ಮಗುವಿನ ಕಡೆಯಿಂದಲೂ ನೋಡಬೇಕಲ್ಲವೇ? ಮಗುವಿನ ಕೈಗೆ ಬಂದ ಸಕ್ಕರೆಯ ತೂಕ ಸರಿಯಾಗಿದೆ, ಚಿಲ್ಲರೆ ಸರಿಯಾಗಿದೆ. ಅಂಗಡಿಯವನ ಮನಸ್ಸಿನಲ್ಲೇನಿದೆ ಎಂಬುದರ ಲೆಕ್ಕ ಅವನಿಗೂ ದೇವನಿಗೂ ಸೇರಿದ್ದು. ಮಗುವಿನ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಬಂತು, ಅಷ್ಟೇ. ಹಾಗೆಯೇ ಈ ಜಾಹೀರಾತು ನೋಡಿ ಯಾವುದೋ ಮನೆಯ ಹುಡುಗ ಬುಟ್ಟಿ ಎತ್ತಿಕೊಂಡಿದ್ದರೆ, ಅದರಲ್ಲಿ ಕಂಪೆನಿಯ ಲಾಭವಿದೆ ಎಂಬ ಕಾರಣಕ್ಕೆ ಅವನ ಕೆಲಸ ಕೆಡುವುದಿಲ್ಲ. ಆಡಿದವನ ಉದ್ದೇಶ ಕೆಟ್ಟದಾಗಿದ್ದ ಮಾತ್ರಕ್ಕೆ ಮಾತು ಸುಳ್ಳಾಗದು.

ಮಾತು ನಿಜ ಎನ್ನುವುದಕ್ಕೆ ಸರಕಾರದ ಲೆಕ್ಕವೇ ಇದೆ. ಜಾಹೀರಾತು ಬಂದ ವರ್ಷದಲ್ಲಿಯೇ ರಾಷ್ಟ್ರೀಯ ಅಂಕಿಅಂಶ ಕಚೇರಿ ದೇಶದ ಜನ ತಮ್ಮ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂದು ಮನೆಮನೆಗೆ ಹೋಗಿ ಕೇಳಿತು. ಆರು ವರ್ಷ ದಾಟಿದ ಹೆಂಗಸರು ಹುಡುಗಿಯರಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರಲ್ಲಿ ನೂರಕ್ಕೆ 26 ಮಂದಿ. ಮಾಡುವವರನ್ನಷ್ಟೇ ತೆಗೆದುಕೊಂಡರೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಐದು ತಾಸಿಗೂ ಒಂದೂವರೆ ತಾಸಿಗೂ ಇರುವ ಅಂತರ ಅದು. ಜಾಹೀರಾತಿನ ಮಗಳು ಫೋನಿನಲ್ಲಿ ತೋಡಿಕೊಂಡದ್ದು ಕಲ್ಪಿತ ದುಃಖವಲ್ಲ.

ಹಾಗಾದರೆ ಉದ್ದೇಶವನ್ನು ಪೂರ್ತಿಯಾಗಿ ಮರೆತುಬಿಡಬಹುದೇ? ಇಲ್ಲಿ ಸಕ್ಕರೆಗೂ ಕಥೆಗೂ ಇರುವ ವ್ಯತ್ಯಾಸ ನೆನಪಿಡಬೇಕು. ಸಕ್ಕರೆಯನ್ನು ತೂಗಿ ನೋಡಬಹುದು. ಕಥೆಯಲ್ಲಿ ಹೇಳದೆ ಬಿಟ್ಟದ್ದನ್ನು ತೂಗುವ ತಕ್ಕಡಿ ಇಲ್ಲ. ಕಥೆಗಾರನ ಉದ್ದೇಶ ಅವನ ಮಾತುಗಳಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಅವನು ಕತ್ತರಿ ಹಾಕಿದ ಜಾಗಗಳಲ್ಲಿ ಕಾಣುತ್ತದೆ. ಈ ಕಥೆಗೆ ಎಲ್ಲೆಲ್ಲಿ ಕತ್ತರಿ ಬಿದ್ದಿದೆ?

ಮೊದಲನೆಯದಾಗಿ ಮಗಳು. ಕಷ್ಟ ಇರುವುದು ಅವಳ ಮನೆಯಲ್ಲಿ. ಕೆಲಸ ಬಿಡುತ್ತಿರುವವಳು ಅವಳು. ಫೋನ್ ಇಟ್ಟ ನಂತರ ಅವಳ ಗತಿ ಏನಾಯಿತು? ಕಥೆ ಅತ್ತ ಹೋಗುವುದಿಲ್ಲ. ನಮ್ಮಂಥವರು ಬರೆದಿದ್ದರೆ ಅವಳ ಹಿಂದೆಯೇ ಹೋಗುತ್ತಿದ್ದೆವು. ಆ ಸಂಜೆ ಅವಳು ಗಂಡನೊಂದಿಗೆ ಏನು ಮಾತಾಡಿದಳು, ಅತ್ತೆ ಏನೆಂದರು, ರಾಜೀನಾಮೆಯ ಕಾಗದ ಬರೆದಳೋ ಹರಿದಳೋ. ಆದರೆ ಅಲ್ಲಿ ಹೋದರೆ ಪುಡಿಯಿಂದ ಬಗೆಹರಿಯುವ ಸಮಸ್ಯೆ ಸಿಗುವುದಿಲ್ಲ. ಆದ್ದರಿಂದ ಕಥೆ ತಾಯಿಯ ಮನೆಯಲ್ಲೇ ಉಳಿಯುತ್ತದೆ. ಅಲ್ಲಿ ಮೆಶಿನ್ ಇದೆ, ಕಲಿಯಲು ಸಿದ್ಧನಾದ ಮಗನಿದ್ದಾನೆ. ಈ ಪರಿಹಾರದಿಂದ ಲಾಭವಾಗುವುದು ಇನ್ನೂ ಬಾರದ ಸೊಸೆಗೆ. ಅಳುತ್ತಿರುವ ಮಗಳಿಗೆ ಏನೂ ಸಿಗಲಿಲ್ಲ.

ಎರಡನೆಯ ಕತ್ತರಿ ಇನ್ನೂ ಸೂಕ್ಷ್ಮವಾದದ್ದು. ಇದೇ ಮಾಲಿಕೆಯಲ್ಲಿ 2016ರಲ್ಲಿ ಬಂದ ಜಾಹೀರಾತಿನ ನಾಯಕ ಒಬ್ಬ ತಂದೆ. ಮಗಳ ಮನೆಗೆ ಬಂದ ಅವನು, ಆಫೀಸಿನಿಂದ ಬಂದವಳು ಫೋನಿನಲ್ಲಿ ಕೆಲಸದ ಮಾತಾಡುತ್ತಲೇ ಅಡುಗೆ, ಚಹಾ, ಮಗುವಿನ ಆಟಿಕೆ, ಬಟ್ಟೆ ಎಲ್ಲವನ್ನೂ ಸಂಭಾಳಿಸುವುದನ್ನೂ, ಅಳಿಯ ಟಿ.ವಿ. ಮುಂದೆ ಕೂತಿರುವುದನ್ನೂ ನೋಡುತ್ತಾನೆ. ಮಗಳಿಗೊಂದು ಕಾಗದ ಬರೆದಿಟ್ಟು ಕ್ಷಮೆ ಕೇಳುತ್ತಾನೆ. ತನ್ನ ಪರವಾಗಿ ಮಾತ್ರವಲ್ಲ, ಅಳಿಯನ ತಂದೆಯ ಪರವಾಗಿಯೂ. ಆಮೇಲೆ ತನ್ನ ಮನೆಗೆ ಹಿಂತಿರುಗಿ, ಹೆಂಡತಿ ಬೆರಗಾಗಿ ನೋಡುತ್ತಿರುವಂತೆ, ತನ್ನ ಬಟ್ಟೆಗಳನ್ನು ತಾನೇ ಮೆಶಿನ್ನಿಗೆ ಹಾಕುತ್ತಾನೆ. ಫೇಸ್‌ಬುಕ್ಕಿನ ಹಿರಿಯ ಅಧಿಕಾರಿಯಾಗಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಅದನ್ನು ಹಂಚಿಕೊಂಡು ಹೊಗಳಿದರು. ಅದರ ಬಲವಿದ್ದದ್ದು ತಪ್ಪು ಮಾಡಿದವನೇ ತಪ್ಪೊಪ್ಪಿಕೊಂಡದ್ದರಲ್ಲಿ.

ಮೂರು ವರ್ಷ ಕಳೆದ ಮೇಲಿನ ಕಥೆಯಲ್ಲಿ ಪಶ್ಚಾತ್ತಾಪ ತಾಯಿಯ ಪಾಲಿಗೆ ಬಂದಿದೆ. ಮಗನಿಗೆ ಕಲಿಸದೆ ಹೋದ ಲೋಪ ಅವಳದು, ಸರಿಪಡಿಸುವ ಹೊಣೆಯೂ ಅವಳದು. ಮಗ ಹಾಗೆ ಬೆಳೆದದ್ದು ತಂದೆಯನ್ನು ನೋಡಿಯೂ ಇರಬಹುದಲ್ಲ? ಆ ಪ್ರಶ್ನೆಗೆ ಕಥೆಯಲ್ಲಿ ಸ್ಥಳವಿಲ್ಲ. ಇಷ್ಟು ಕಾಲ ಒಗೆಯುವ ಹೊರೆಯಿದ್ದ ತಾಯಿಗೆ ಈಗ ಒಗೆಯಲು ಕಲಿಸುವ ಹೊರೆಯೂ ಸೇರಿತು. ಹೊರೆ ಹಂಚಿಕೊಳ್ಳಿ ಎಂದ ಕಥೆ ಅವಳ ಹೆಗಲಿಗೆ ಇನ್ನೊಂದು ಗಂಟು ಕಟ್ಟಿದೆ. ಇದನ್ನು ಯಾರಾದರೂ ಬೇಕೆಂದೇ ಮಾಡಿದರೆನ್ನುವ ಆರೋಪ ನಮ್ಮದಲ್ಲ. ಆದರೆ ಪುಡಿಯ ಗಿರಾಕಿ ಬಹುಪಾಲು ಮನೆಗಳಲ್ಲಿ ತಾಯಿಯೇ. ಗಿರಾಕಿಯ ಮನಸ್ಸನ್ನು ತಟ್ಟಬೇಕಾದ ಕಥೆ ಕೊನೆಗೆ ಗಿರಾಕಿಯ ಸುತ್ತಲೇ ಬಂದು ನಿಲ್ಲುತ್ತದೆ.

ನಮ್ಮ ದೇಶದ ಸಾಬೂನು ಪುಡಿಯ ಜಾಹೀರಾತುಗಳಲ್ಲಿ ಹೆಂಗಸು ನಡೆದು ಬಂದ ದಾರಿಯನ್ನೂ ಇಲ್ಲಿ ಗಮನಿಸಬಹುದು. ಎಂಬತ್ತರ ದಶಕದಲ್ಲಿ ಅಗ್ಗದ ನಿರ್ಮಾಕ್ಕೆ ಎದುರುತ್ತರವಾಗಿ ಸರ್ಫ್‌ಗೋಸ್ಕರ ಅಲಿಕ್ ಪದಂಸೀ ರೂಪಿಸಿದ ಲಲಿತಾಜಿ, ತರಕಾರಿಯವನೊಂದಿಗೆ ಚೌಕಾಸಿ ಮಾಡುವ, ಕಾಸಿಗೆ ಕಾಸು ಲೆಕ್ಕ ಹಾಕುವ ಗೃಹಿಣಿ. ಅವಳಿಗೆ ಮಾರಿದ್ದು ಬುದ್ಧಿವಂತಿಕೆಯನ್ನು. 2005ರ ಸುಮಾರಿಗೆ ಬಂದ ಸರ್ಫ್ ಎಕ್ಸೆಲ್ ಜಾಹೀರಾತಿನಲ್ಲಿ ಕೆಸರಿಗೆ ಬಿದ್ದ ತಂಗಿಯ ಪರವಾಗಿ ಅಣ್ಣ ಕೆಸರುಗುಂಡಿಯನ್ನೇ ಗುದ್ದಿ ಗುದ್ದಿ ಕ್ಷಮೆ ಕೇಳಿಸುತ್ತಾನೆ. ಒಳ್ಳೆಯ ಕೆಲಸದಿಂದ ಆದ ಕಲೆ ಒಳ್ಳೆಯದು ಎಂದು ತಾಯಂದಿರಿಗೆ ಹೇಳಲಾಯಿತು. ಮುದ್ದಾದ ಕಥೆ. ಆದರೆ ಮಗುವಿನ ಒಳ್ಳೆಯತನದ ಬಿಲ್ಲು ತೀರಿಸುವವಳು ಒಗೆಯುವ ಕಲ್ಲಿನ ಬಳಿ ನಿಂತಿರುವ ತಾಯಿ. ಸಿಟ್ಟಾಗುವ ಹಕ್ಕನ್ನೂ ಆ ಕಥೆ ಅವಳಿಂದ ನಯವಾಗಿ ಕಸಿದುಕೊಂಡಿತು.

ಮೂರನೆಯ ಕತ್ತರಿ ಬಿದ್ದದ್ದು ಬಟ್ಟೆ ಒಗೆಯುವ ಕೆಲಸದ ಮೇಲೆಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಾವು ಹೇಳಲಿರುವುದು ಅಂಬಿಕಾನಗರದ ಒಂದು ಪರಿಚಿತ ಮನೆಯ ವಿಷಯ. ಕಾಳಿ ನದಿಯ ಜಲವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಕಟ್ಟಿದ ವಿದ್ಯುತ್ ನಿಗಮದ ಕಾಲನಿ ಅದು. ನಾಗಝರಿಯ ವಿದ್ಯುದಾಗಾರದಿಂದ ನಾಡಿನ ಎಷ್ಟೋ ಊರುಗಳ ಮೆಶಿನ್ನುಗಳಿಗೆ ಕರೆಂಟು ಹೋಗುತ್ತದೆ. ಆದರೆ ಜೂನ್ ಹಿಡಿದು ಸೆಪ್ಟೆಂಬರಿನವರೆಗೆ ಅಲ್ಲಿ ಬಟ್ಟೆ ಒಣಗುವುದೇ ಒಂದು ದೊಡ್ಡ ಕೆಲಸ.

ಆ ಮನೆಯ ತಾಯಿ ಈ ಜಾಹೀರಾತನ್ನು ನೋಡಿ ಒಂಬತ್ತನೆಯ ತರಗತಿಯ ಮಗನಿಗೆ ಮೆಶಿನ್ ಕಲಿಸಿದರು. ಹುಡುಗ ಒಂದೇ ದಿನದಲ್ಲಿ ಕಲಿತ. ಕಲಿಯಲು ಇದ್ದದ್ದು ಅಷ್ಟೇ. ಪುಡಿ ಹಾಕು, ಬಟನ್ ಒತ್ತು. ಒಂದು ತಿಂಗಳ ನಂತರ ಅವರು ನಮಗೆ ಹೇಳಿದ್ದು ಹೀಗೆ:

"ಬಟನ್ ಒತ್ತೋದು ಅವನಿಗೆ ಬಂತು. ಆದ್ರೆ 'ಅಮ್ಮೀ, ಇವತ್ತು ಹಾಕ್ಲಾ? ಯಾವ್ದು ಹಾಕ್ಲಿ? ಪುಡಿ ಎಷ್ಟು?' ಅಂತ ದಿನಾ ಮೂರು ಸಲ ಕೇಳ್ತಾನೆ. ಮೊದಲು ಕೈ ಮಾತ್ರ ದಣೀತಿತ್ತು, ಈಗ ಬಾಯೂ ದಣೀತದೆ."

ಬಟ್ಟೆ ಒಗೆಯುವುದೆಂದರೆ ಮೆಶಿನ್ ತಿರುಗುವ ಒಂದು ತಾಸಲ್ಲ. ಅದಕ್ಕೆ ಮುಂಚೆ ಜೇಬು ತಡಕಬೇಕು. ಮರೆತ ಒಂದು ಕಾಗದದ ಚೂರು ಇಡೀ ರಾಶಿಗೆ ಬಿಳಿ ಹತ್ತಿಯಂತೆ ಅಂಟಿಕೊಳ್ಳುತ್ತದೆ. ಬಣ್ಣ ಬಿಡುವ ಹೊಸ ಕೆಂಪು ದುಪಟ್ಟಾ, ಬಿಳಿ ಸಮವಸ್ತ್ರ ಒಟ್ಟಿಗೆ ಹೋಗಬಾರದು. ಮೊಣಕಾಲು ಕೆತ್ತಿದ ರಕ್ತದ ಕಲೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಮೊಟ್ಟೆ ಬೆಂದಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಶುಭ್ರವಾಗುತ್ತದೆಂಬುದೂ ಸುಳ್ಳು. ನೀರು ಅದನ್ನೆಲ್ಲ ತೊಳೆದು ಹೊರಹಾಕಲಾರದೆ ಕಪ್ಪು ಪ್ಯಾಂಟಿನ ಮೇಲೆ ಬೂದುಗೆರೆ ಉಳಿಯುತ್ತದೆ, ಕೆಲವರಿಗೆ ಮೈ ತುರಿಸುತ್ತದೆ. ಮುಂದಿನಿಂದ ಬಾಗಿಲಿರುವ ಮೆಶಿನ್ನಿಗೆ ನೊರೆ ಕಡಿಮೆ ಬರುವ ಬೇರೆ ಪುಡಿಯೇ ಬೇಕು. ಕಡಿಮೆ ಪುಡಿ ಸಾಕು ಎಂಬ ಪಾಠವನ್ನು ಪುಡಿ ಮಾರುವ ಕಥೆಯಿಂದ ನಿರೀಕ್ಷಿಸುವುದು ಹೇಗೆ?

ಮೆಶಿನ್ ನಿಂತ ಮೇಲಿನದು ಇನ್ನೂ ದೊಡ್ಡ ಅಧ್ಯಾಯ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮೆಶಿನ್ನಿನಲ್ಲೇ ಮರೆತರೆ ಮರುದಿನ ಮುಗ್ಗುವಾಸನೆ, ಮತ್ತೆ ಒಗೆಯಬೇಕು. ಅಂಬಿಕಾನಗರದ ಆ ಮನೆಯಲ್ಲಿ ಜುಲೈ ತಿಂಗಳಲ್ಲಿ ವರಾಂಡದ ತಂತಿ, ಕುರ್ಚಿಯ ಬೆನ್ನು, ಕಿಟಕಿಯ ಸರಳು ಎಲ್ಲದರ ಮೇಲೂ ಬಟ್ಟೆ. ಬೆಳಿಗ್ಗೆ ಅರ್ಧ ತಾಸು ಬಿಸಿಲು ಬಿದ್ದರೆ ಹೊರಗೆ ಹಾಕಬೇಕು, ಮೋಡ ಕವಿದೊಡನೆ ಒಳಗೆ ತರಬೇಕು. ಸಮವಸ್ತ್ರ ಒಂದೇ ಜೊತೆ ಒಣಗಿದೆ, ನಾಳೆ ಇಬ್ಬರು ಮಕ್ಕಳಿದ್ದಾರೆ, ಯಾವುದನ್ನು ಫ್ಯಾನಿನ ಕೆಳಗೆ ಹಾಕಬೇಕು? ಇದು ಕೈಯ ಕೆಲಸಕ್ಕಿಂತ ತಲೆಯ ಕೆಲಸ. ಕೈಯ ಕೆಲಸವನ್ನು ಕೊಟ್ಟು, ನೆನಪಿಡುವ ಕೆಲಸವನ್ನು ತಾಯಿಯಲ್ಲೇ ಉಳಿಸಿದರೆ ಹೊರೆಯ ಯಾವ ಭಾಗ ಹಂಚಿಕೆಯಾಯಿತು? ಕಾಲನಿಯಲ್ಲಿ ಕೆಲವು ಮನೆಗಳವರು ಹೊರಗಿನಿಂದ ಹೆಂಗಸರನ್ನು ಕರೆಸಿ ಒಗೆಸುತ್ತಾರೆ. ಅಲ್ಲಿ ಹೊರೆ ಹಂಚಿಕೆಯಾಗಿರುವುದು ಗಂಡಹೆಂಡತಿಯ ನಡುವೆ ಅಲ್ಲ, ಇನ್ನೊಬ್ಬ ತಾಯಿಯ ತಲೆಗೆ ದಾಟಿದೆ. ಆಕೆಯ ಮನೆಯ ಬಟ್ಟೆ ಸಂಜೆ ಅವಳನ್ನೇ ಕಾಯುತ್ತಿರುತ್ತದೆ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ತಮ್ಮ ಪುಸ್ತಕದಲ್ಲಿ ವಿಚಿತ್ರವಾದ ಒಂದು ಸಂಗತಿಯನ್ನು ತೋರಿಸಿದರು. ಮನೆಗೆ ಯಂತ್ರಗಳು ಬಂದ ಮೇಲೆ ತಾಯಿಯ ಕೆಲಸ ಕಡಿಮೆಯಾಗಲಿಲ್ಲ. ಮೊದಲು ಬಟ್ಟೆ ಹೊರಗೆ ಲಾಂಡ್ರಿಗೆ ಹೋಗುತ್ತಿತ್ತು, ಇಲ್ಲವೇ ಒಗೆಯುವವರು ಬರುತ್ತಿದ್ದರು. ಮೆಶಿನ್ ಬಂದ ಮೇಲೆ ಅದೆಲ್ಲ ಮನೆಯೊಳಗೆ ಅವಳೊಬ್ಬಳ ಪಾಲಿಗೆ ಬಂತು. ಒಗೆಯುವುದು ಸುಲಭವಾದಷ್ಟೂ ಶುಭ್ರತೆಯ ಅಳತೆಯೂ ಏರಿತು. ನಮ್ಮಲ್ಲೂ ವಾರಕ್ಕೊಮ್ಮೆ ಮನೆಗೆ ಬಂದು ಗಂಟು ಕಟ್ಟಿಕೊಂಡು ಹೋಗುತ್ತಿದ್ದ ಮಡಿವಾಳರ ಕಾಲದಲ್ಲಿ ಎರಡು ದಿನ ತೊಡುತ್ತಿದ್ದ ಅಂಗಿಯನ್ನು ಈಗ ಅರ್ಧ ದಿನಕ್ಕೆ ಬುಟ್ಟಿಗೆ ಎಸೆಯುತ್ತೇವೆ. ಅಂಗಿಯನ್ನು ಇನ್ನೊಂದು ದಿನ ತೊಡಿ ಎಂದರೆ ಎಲ್ಲರ ಹೊರೆಯೂ ಇಳಿಯುತ್ತದೆ. ಆದರೆ ಆ ಮಾತಿನಿಂದ ಪೊಟ್ಟಣ ಖಾಲಿಯಾಗುವುದಿಲ್ಲವಲ್ಲ.

ಯಾವ ಸರಕೂ ಇಲ್ಲದ ಇನ್ನೊಂದು ವರದಿ ನಮ್ಮ ಬಳಿ ಇದೆ. ಪ್ರವಾದಿಯವರು(ಸ) ಮನೆಯಲ್ಲಿರುವಾಗ ಏನು ಮಾಡುತ್ತಿದ್ದರು ಎಂದು ಅಸ್ವದ್ ಎಂಬವರು ಹಝ್ರತ್ ಆಯಿಶಾರಲ್ಲಿ(ರ) ಕೇಳಿದರು. ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂಬುದು ಅವರ ಉತ್ತರದ ಸಾರ. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿ ಸರಿಪಡಿಸಿಕೊಳ್ಳುತ್ತಿದ್ದರು ಎಂಬ ವರದಿಗಳೂ ಇವೆ. ನಮ್ಮ ಸಭೆಗಳಲ್ಲಿ ಇದನ್ನು ಹೇಳುವವರು ಬಹಳ, ಹೇಳಿ ಮನೆಗೆ ಹೋಗಿ ತಟ್ಟೆ ಬಿಟ್ಟು ಏಳುವವರೂ ಬಹಳ. ಆ ಮಾತು ಹಾಗಿರಲಿ. ನಮ್ಮ ಗಮನ ಸೆಳೆಯುವುದು ಪ್ರಶ್ನೆ ಹೋದ ವಿಳಾಸ. ಕೇಳಿದ್ದು ಮನೆಯೊಳಗೆ ಜೊತೆಗೆ ಬಾಳಿದ ಪತ್ನಿಯನ್ನು. ಸಾಕ್ಷಿ ಹೇಳಿದವರೂ ಅವರೇ. ಪ್ರತಿ ದಿನದ ನಡೆಯ ವರದಿ ಅದು, ಒಂದು ಮಧ್ಯಾಹ್ನದ ಅರಿವಿನದಲ್ಲ.

ಆದ್ದರಿಂದ ಹೊರೆ ಹಂಚಿಕೆಯ ಯಾವುದೇ ಕಥೆಯನ್ನು ಕೇಳಿದಾಗ, ಅದು ಜಾಹೀರಾತಿನದ್ದಾಗಲಿ ಉಪನ್ಯಾಸದ್ದಾಗಲಿ, ಆ ಮನೆಯಲ್ಲಿ ಹೊರೆ ಹೊತ್ತವಳನ್ನು ಆರು ತಿಂಗಳ ನಂತರ ಕೇಳಬೇಕೆನಿಸುತ್ತದೆ. ಕಂಪೆನಿಯ ಮನಸ್ಸಿನಲ್ಲೇನಿತ್ತು ಎಂಬ ವಿಚಾರಣೆಗಿಂತ ಇದು ಹೆಚ್ಚು ಉಪಯೋಗದ್ದು. ಒಳ್ಳೆಯ ಮಾತನ್ನು ಅಂಗಡಿಯಿಂದಲೂ ಪಡೆಯೋಣ. ಬಿಟ್ಟದ್ದೇನೆಂದು ಮನೆಗೆ ಬಂದು ನೋಡಿಕೊಳ್ಳಬೇಕು, ಅಷ್ಟೇ.

ಅಂಬಿಕಾನಗರದ ಆ ತಾಯಿ ಮಾಡಿದ್ದು ಹೀಗೆ. ಎಲ್ಲರ ಬಟ್ಟೆಯ ಒಂದು ಹಂತವನ್ನು ಮಗನಿಗೆ ಕೊಡುವುದನ್ನು ಬಿಟ್ಟು, ಅವನ ಮತ್ತು ತಂಗಿಯ ಶಾಲೆಯ ಸಮವಸ್ತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೇ ವಹಿಸಿದರು. ಜೇಬು ನೋಡುವುದು, ಯಾವಾಗ ಹಾಕುವುದು, ಎಲ್ಲಿ ಒಣಗಿಸುವುದು, ಇಸ್ತ್ರಿ, ಕಪಾಟಿಗೆ ಸೇರಿಸುವುದು ಎಲ್ಲ. ಏನೂ ಕೇಳಬಾರದು, ತಾವೂ ನೆನಪಿಸುವುದಿಲ್ಲ ಎಂಬ ಕರಾರು. ವಿದ್ಯುದಾಗಾರದಲ್ಲಿ ಪಾಳಿಯ ಕೆಲಸದಲ್ಲಿರುವ ಯಜಮಾನರಿಗೆ ಹಾಸಿಗೆ ಹೊದಿಕೆ, ಟವೆಲ್ಲುಗಳು. ಅವರು ಮೊದಲು ನಕ್ಕರಂತೆ. ರಾತ್ರಿಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ ಹೊದಿಕೆ ಇಲ್ಲದ ಹಾಸಿಗೆಯಲ್ಲಿ ಮಲಗಿದ ಮೇಲೆ ನಗು ನಿಂತಿತು.

ಎರಡನೆಯ ವಾರ ಹುಡುಗ ಭಾನುವಾರವಿಡೀ ಕ್ರಿಕೆಟ್ ಆಡಿ, ರಾತ್ರಿ ಹತ್ತಕ್ಕೆ ಬಟ್ಟೆ ಹಾಕಿದ. ಸೋಮವಾರ ಬೆಳಿಗ್ಗೆ ಹೊರಗೆ ಧಾರಾಕಾರ ಮಳೆ, ಒಳಗೆ ಒದ್ದೆ ಅಂಗಿ. ತಾಯಿ ಇಸ್ತ್ರಿ ಪೆಟ್ಟಿಗೆಯತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮಗಳಿಗೆ ಹಿಂದಿನ ವರ್ಷದ ಗಿಡ್ಡ ಅಂಗಿ ಸಿಕ್ಕಿತು, ಮಗ ತೇವದ ಅಂಗಿಯಲ್ಲೇ ಹೋದ.

"ನಿಮ್ಗೆ ಕೆಟ್ಟದನ್ನಿಸ್ಲಿಲ್ವಾ?" ಎಂದು ಕೇಳಿದೆವು.

"ಅನ್ನಿಸ್ತು. ಸಂಜೆ ತನಕ ಅನ್ನಿಸ್ತಾನೇ ಇತ್ತು," ಎಂದರು ಅವರು. "ಆದ್ರೆ ಪಕ್ಕದ ಮನೆ ಖಾಲಾ ನನ್ನನ್ನೇ ಕೇಳಿದ್ರು, ಏನವ್ವ, ಮಕ್ಕಳ ಬಟ್ಟೆ ಒಣಗ್ಸೋಕೂ ನಿಂಗೆ ಪುರಸೊತ್ತಿಲ್ವಾ ಅಂತ. ಅವನ ಅಬ್ಬಾ ಅಲ್ಲೇ ಪಕ್ಕದಲ್ಲಿ ಪೇಪರ್ ಓದ್ತಾ ಕೂತಿದ್ರು. ಅವರನ್ನ ಯಾರೂ ಕೇಳ್ಲಿಲ್ಲ ನೋಡಿ."